ಝೀರೋ, ಸ್ಪ್ಯಾನ್ ಮುಟ್ಟುವ ಮೊದಲು: ಒತ್ತಡ ಟ್ರಾನ್ಸ್‌ಮಿಟರಿನ 4–20 ಮಿಲಿಆಂಪ್ ಲೂಪ್ ಕ್ಯಾಲಿಬ್ರೇಷನ್

ಕಂಟ್ರೋಲ್ ರೂಮಿನ ಪರದೆಯಲ್ಲಿ ಒತ್ತಡ 10.09 ಬಾರ್ ಎಂದು ಕಾಣುತ್ತಿದೆ. ಪೈಪಿನ ಮೇಲಿನ ಗೇಜಿನ ಮುಳ್ಳು 10ರ ಮೇಲೆ ನಿಂತಿದೆ. ಟ್ರಾನ್ಸ್‌ಮಿಟರ್ ಹೆಚ್ಚು ತೋರಿಸುತ್ತಿದೆ ಎಂದು ಯಾರೋ ಕೆಲಸದ ಚೀಟಿ ಬರೆಯುತ್ತಾರೆ, ಟೆಕ್ನಿಷಿಯನ್ ಲೂಪ್ ಕ್ಯಾಲಿಬ್ರೇಟರ್ ಹಿಡಿದು ಹೊರಡುತ್ತಾನೆ, ಮಿಲಿಆಂಪ್ ಸರಿಯಾಗುವವರೆಗೆ ಝೀರೋವನ್ನೂ ಸ್ಪ್ಯಾನನ್ನೂ ಸರಿಸುತ್ತಾನೆ. ಪರದೆಯ ಅಂಕಿ ಸರಿಹೋಗುತ್ತದೆ, ಚೀಟಿಗೆ ಸಹಿ ಬೀಳುತ್ತದೆ. ಆದರೆ ಇಂದಿನ ಸ್ಮಾರ್ಟ್ ಟ್ರಾನ್ಸ್‌ಮಿಟರಿನಲ್ಲಿ ತಪ್ಪು ಹುಟ್ಟುವ ಜಾಗಗಳು ಎರಡಿವೆ, ಅವುಗಳನ್ನು ಸರಿಪಡಿಸುವ ಟ್ರಿಮ್‌ಗಳೂ ಬೇರೆ ಬೇರೆ. ತಪ್ಪು ಯಾವ ಜಾಗದ್ದು ಎಂದು ನೋಡದೆ ಟ್ರಿಮ್ ಮಾಡಿದರೆ ಒಂದು ತಪ್ಪಿನ ಮೇಲೆ ಇನ್ನೊಂದು ತಪ್ಪನ್ನು ಹೊದಿಸಿದಂತಾಗುತ್ತದೆ. 0ರಿಂದ 10 ಬಾರ್ ಗೇಜ್ ಒತ್ತಡದ ಒಂದು ಟ್ರಾನ್ಸ್‌ಮಿಟರನ್ನು ಉದಾಹರಣೆಯಾಗಿ ಇಟ್ಟುಕೊಂಡು, ಆ ಎರಡು ಜಾಗಗಳನ್ನು ಬೇರ್ಪಡಿಸುವುದು ಹೇಗೆಂದು ನೋಡೋಣ.

ಎರಡು ತಂತಿಯ ಟ್ರಾನ್ಸ್‌ಮಿಟರ್ ಒಂದು ರೀತಿಯಲ್ಲಿ ನಲ್ಲಿಯಂತೆ ಕೆಲಸ ಮಾಡುತ್ತದೆ. ಲೂಪಿಗೆ 24 ವೋಲ್ಟ್ ಕೊಡುವುದು ಬೇರೆ ಕಡೆ ಇರುವ ವಿದ್ಯುತ್ ಮೂಲ. ಅಲ್ಲಿಂದ ಎಷ್ಟು ಕರೆಂಟ್ ಹರಿಯಬೇಕು ಎಂಬುದನ್ನು ಒತ್ತಡಕ್ಕೆ ತಕ್ಕಂತೆ ನಿರ್ಧರಿಸುವುದು ಟ್ರಾನ್ಸ್‌ಮಿಟರ್. ಶ್ರೇಣಿಯ ಕೆಳತುದಿಯಲ್ಲಿ 4 ಮಿಲಿಆಂಪ್, ಮೇಲ್ತುದಿಯಲ್ಲಿ 20 ಮಿಲಿಆಂಪ್. ಸೊನ್ನೆಯ ಬದಲು 4ರಿಂದ ಶುರುಮಾಡಿರುವುದಕ್ಕೆ ಕಾರಣಗಳಿವೆ: ಟ್ರಾನ್ಸ್‌ಮಿಟರಿನ ಎಲೆಕ್ಟ್ರಾನಿಕ್ಸ್ ತನ್ನ ಹೊಟ್ಟೆಪಾಡನ್ನು ಆ ಕೆಳಗಿನ ಕರೆಂಟಿನಲ್ಲೇ ನೋಡಿಕೊಳ್ಳಬೇಕು, ಮತ್ತು ತಂತಿ ಕಡಿದರೆ ಬರುವ 0 ಮಿಲಿಆಂಪನ್ನು ನಿಜವಾದ ಸೊನ್ನೆ ಒತ್ತಡದಿಂದ ಬೇರೆಯಾಗಿ ಗುರುತಿಸಲು ಸಾಧ್ಯವಾಗಬೇಕು. ನಡುವಿನ ಲೆಕ್ಕ ಸರಳರೇಖೆಯದು.

```
I = 4 + 16 × (P − LRV) / (URV − LRV)
```

ಇಲ್ಲಿ LRV ಎಂದರೆ ಶ್ರೇಣಿಯ ಕೆಳತುದಿ, URV ಎಂದರೆ ಮೇಲ್ತುದಿ. ನಮ್ಮ ಉದಾಹರಣೆಯಲ್ಲಿ 2.5 ಬಾರಿಗೆ 8, 5 ಬಾರಿಗೆ 12, 7.5 ಬಾರಿಗೆ 16 ಮಿಲಿಆಂಪ್ ಬರಬೇಕು. ಝೀರೋ ತಪ್ಪು ಎಂದರೆ ಈ ಇಡೀ ರೇಖೆ ಒಂದೇ ಪ್ರಮಾಣದಲ್ಲಿ ಮೇಲಕ್ಕೋ ಕೆಳಕ್ಕೋ ಸರಿದಿರುವುದು. ಸ್ಪ್ಯಾನ್ ತಪ್ಪು ಎಂದರೆ ರೇಖೆಯ ಇಳಿಜಾರು ಬದಲಾಗಿರುವುದು. ಆಗ ತಪ್ಪು ಕೆಳಗೆ ಕಡಿಮೆಯಿದ್ದು ಮೇಲೆ ಹೋದಂತೆ ಬೆಳೆಯುತ್ತದೆ.

ಈ ರೇಖೆ ಸ್ಮಾರ್ಟ್ ಟ್ರಾನ್ಸ್‌ಮಿಟರಿನೊಳಗೆ ಎರಡು ಹಂತಗಳಲ್ಲಿ ರೂಪುಗೊಳ್ಳುತ್ತದೆ. ಮೊದಲ ಹಂತದಲ್ಲಿ ಸೆನ್ಸರ್ ಒತ್ತಡವನ್ನು ಅಳೆಯುತ್ತದೆ, ಒಳಗಿನ ಪ್ರೊಸೆಸರ್ ಅದನ್ನು ಒಂದು ಅಂಕಿಯಾಗಿ ಮಾರ್ಪಡಿಸುತ್ತದೆ. ಅದೇ ಎರಡು ತಂತಿಗಳ ಮೂಲಕ ಟ್ರಾನ್ಸ್‌ಮಿಟರಿನೊಡನೆ ಮಾತಾಡುವ ಕೈಸಾಧನ ಹಾರ್ಟ್ ಕಮ್ಯುನಿಕೇಟರ್; ಅದರ ಪರದೆಯಲ್ಲಿ PV ಎಂದು ಕಾಣುವುದು ಆ ಅಂಕಿ. ಎರಡನೆಯ ಹಂತದಲ್ಲಿ ಆ ಅಂಕಿಯಿಂದ ಲೆಕ್ಕ ಹಾಕಿದ ಮಿಲಿಆಂಪನ್ನು ಔಟ್‌ಪುಟ್ ಸರ್ಕ್ಯೂಟ್ ನಿಜವಾದ ಕರೆಂಟಾಗಿ ಲೂಪಿನಲ್ಲಿ ಹರಿಸುತ್ತದೆ. ಮೊದಲ ಹಂತದ ತಪ್ಪನ್ನು ತಿದ್ದುವುದು ಸೆನ್ಸರ್ ಟ್ರಿಮ್, ಎರಡನೆಯದನ್ನು ತಿದ್ದುವುದು ಔಟ್‌ಪುಟ್ ಟ್ರಿಮ್. ಹಾಗಾಗಿ ಕ್ಯಾಲಿಬ್ರೇಷನ್ ವೇಳೆ ಪ್ರತಿ ಒತ್ತಡದ ಬಿಂದುವಿನಲ್ಲೂ ಮೂರು ಅಂಕಿಗಳನ್ನು ಬರೆದುಕೊಳ್ಳಬೇಕು: ನಾವು ಕೊಟ್ಟ ಒತ್ತಡ, ಟ್ರಾನ್ಸ್‌ಮಿಟರ್ ಹೇಳುವ PV, ಮತ್ತು ಕ್ಯಾಲಿಬ್ರೇಟರ್ ಅಳೆದ ಮಿಲಿಆಂಪ್. ಬಹುಪಾಲು ವರದಿಗಳಲ್ಲಿ ಮಧ್ಯದ ಅಂಕಿಯೇ ಇರುವುದಿಲ್ಲ, ತಪ್ಪಿನ ಮೂಲ ಗೊತ್ತಾಗುವುದು ಮಾತ್ರ ಅದರಿಂದಲೇ.

ಸಲಕರಣೆಯ ಬಗ್ಗೆ ಒಂದು ಮಾತು. ಲೂಪ್ ಕ್ಯಾಲಿಬ್ರೇಟರ್ ಕರೆಂಟಿನ ಸಾಧನ. ಒತ್ತಡವನ್ನು ಅದು ಉಂಟುಮಾಡುವುದಿಲ್ಲ. ಲೂಪಿನ ಕರೆಂಟನ್ನು ಅದು ಅಳೆಯಬಲ್ಲದು, ತಾನೇ 24 ವೋಲ್ಟ್ ಕೊಟ್ಟು ಅಳೆಯಬಲ್ಲದು, ಅಥವಾ ಟ್ರಾನ್ಸ್‌ಮಿಟರಿನ ಜಾಗದಲ್ಲಿ ನಿಂತು ಬೇಕಾದ ಕರೆಂಟನ್ನು ಹರಿಸಬಲ್ಲದು. ಒತ್ತಡಕ್ಕೆ ಬೇರೆಯಾಗಿ ಕೈಪಂಪ್ ಮತ್ತು ರೆಫರೆನ್ಸ್ ಗೇಜ್ ಬೇಕು. ನಮ್ಮ ಟ್ರಾನ್ಸ್‌ಮಿಟರಿಗೆ ಸ್ಪ್ಯಾನಿನ ಶೇಕಡ 0.25ರ ಟಾಲರೆನ್ಸ್ ಇಟ್ಟುಕೊಂಡರೆ ಅದು 0.025 ಬಾರ್, ಕರೆಂಟಿನಲ್ಲಿ 0.04 ಮಿಲಿಆಂಪ್. ರೆಫರೆನ್ಸ್ ಇದಕ್ಕಿಂತ ನಾಲ್ಕು ಪಟ್ಟು ನಿಖರವಾಗಿರಬೇಕೆಂಬುದು ರೂಢಿ. ಅಂದರೆ ಗೇಜಿನ ದೋಷ ಸುಮಾರು 0.006 ಬಾರಿನೊಳಗೆ ಇರಬೇಕು. ಪೈಪಿನ ಮೇಲಿನ ಮುಳ್ಳಿನ ಗೇಜನ್ನು ನಂಬಿ ಟ್ರಾನ್ಸ್‌ಮಿಟರನ್ನು ತಿದ್ದುವುದೆಂದರೆ ಹಳೆಯ ಗಡಿಯಾರ ನೋಡಿ ಹೊಸ ಗಡಿಯಾರದ ಸಮಯ ಬದಲಿಸಿದಂತೆ.

ಕೆಲಸಕ್ಕೆ ಕೈಹಾಕುವ ಮುನ್ನ ಕಂಟ್ರೋಲ್ ರೂಮಿಗೆ ತಿಳಿಸಿ ಆ ಲೂಪನ್ನು ಮ್ಯಾನುಯಲ್‌ಗೆ ಹಾಕಿಸಬೇಕು, ಯಂತ್ರವನ್ನು ತಾನಾಗಿ ನಿಲ್ಲಿಸುವ ಟ್ರಿಪ್ ಅದಕ್ಕೆ ಜೋಡಿಸಿದ್ದರೆ ಅನುಮತಿ ಪಡೆದು ಬೈಪಾಸ್ ಮಾಡಿಸಬೇಕು. ಇದು ಬರೀ ಶಿಷ್ಟಾಚಾರವಲ್ಲ: ಮುಂದೆ ಔಟ್‌ಪುಟ್ ಟ್ರಿಮ್ ಮಾಡುವಾಗ ಟ್ರಾನ್ಸ್‌ಮಿಟರ್ ಒತ್ತಡವೇ ಇಲ್ಲದೆ 20 ಮಿಲಿಆಂಪ್ ಹರಿಸುತ್ತದೆ, ಕಂಟ್ರೋಲ್ ಸಿಸ್ಟಮ್ ಅದನ್ನು ನಿಜವಾದ 10 ಬಾರ್ ಎಂದೇ ತಿಳಿಯುತ್ತದೆ. ಆಮೇಲೆ ಮ್ಯಾನಿಫೋಲ್ಡಿನ ಐಸೊಲೇಷನ್ ವಾಲ್ವ್ ಮುಚ್ಚಿ, ಒಳಗೆ ಸಿಕ್ಕಿಕೊಂಡ ಒತ್ತಡವನ್ನು ವೆಂಟ್ ವಾಲ್ವ್ ಮೂಲಕ ನಿಧಾನವಾಗಿ ಬಿಟ್ಟು, ಪಂಪನ್ನೂ ರೆಫರೆನ್ಸ್ ಗೇಜನ್ನೂ ಜೋಡಿಸಬೇಕು. ಸ್ಫೋಟದ ಅಪಾಯವಿರುವ ಜಾಗವಾದರೆ ಟ್ರಾನ್ಸ್‌ಮಿಟರಿನ ಮುಚ್ಚಳ ತೆರೆಯಬಹುದೇ, ಕೈಯಲ್ಲಿರುವ ಕ್ಯಾಲಿಬ್ರೇಟರಿಗೆ ಅಲ್ಲಿ ಬಳಸುವ ಪ್ರಮಾಣಪತ್ರವಿದೆಯೇ ಎಂಬುದು ಇದಕ್ಕೂ ಮೊದಲು ಇತ್ಯರ್ಥವಾಗಿರಬೇಕು.

ಕ್ಯಾಲಿಬ್ರೇಟರನ್ನು ಲೂಪಿನೊಳಗೆ ಸರಣಿಯಲ್ಲಿ ಸೇರಿಸುವಾಗ ಒಂದು ಪ್ರಶ್ನೆ ಕೇಳಿಕೊಂಡರೆ ಸಾಕು: ಈಗ ಈ ಲೂಪಿಗೆ ವಿದ್ಯುತ್ ಕೊಡುತ್ತಿರುವವರು ಯಾರು? ಕಂಟ್ರೋಲ್ ಸಿಸ್ಟಮ್ ಕೊಡುತ್ತಿದ್ದರೆ ಕ್ಯಾಲಿಬ್ರೇಟರ್ ಕೇವಲ ಅಳೆಯುವ ಸ್ಥಿತಿಯಲ್ಲಿರಬೇಕು. ಟ್ರಾನ್ಸ್‌ಮಿಟರನ್ನು ಲೂಪಿನಿಂದ ಬಿಡಿಸಿ ಮೇಜಿನ ಮೇಲೆ ಇಟ್ಟಿದ್ದರೆ ಮಾತ್ರ ಕ್ಯಾಲಿಬ್ರೇಟರಿನ 24 ವೋಲ್ಟ್ ಬೇಕು. ಎರಡೂ ಒಟ್ಟಿಗೆ ಬಂದರೆ, ಧ್ರುವಗಳು ಎದುರುಬದುರಾಗಿದ್ದಲ್ಲಿ ಕರೆಂಟೇ ಹರಿಯುವುದಿಲ್ಲ, ಒಂದೇ ದಿಕ್ಕಿನಲ್ಲಿದ್ದಲ್ಲಿ 48 ವೋಲ್ಟ್ ಸೇರಿಕೊಳ್ಳುತ್ತದೆ. ಲೂಪ್ ಕಡಿಯಲು ಇಷ್ಟವಿಲ್ಲದವರು ಟ್ರಾನ್ಸ್‌ಮಿಟರಿನ ಟೆಸ್ಟ್ ಟರ್ಮಿನಲ್‌ಗಳಿಗೆ ಮೀಟರ್ ಹಾಕುತ್ತಾರೆ. ಆ ಟರ್ಮಿನಲ್‌ಗಳ ನಡುವೆ ಒಂದು ಡಯೋಡ್ ಇರುತ್ತದೆ. ಮೀಟರಿನ ಒಳ ಪ್ರತಿರೋಧ ತೀರಾ ಕಡಿಮೆಯಿದ್ದರೆ ಇಡೀ ಕರೆಂಟ್ ಮೀಟರಿನ ಮೂಲಕವೇ ಹೋಗುತ್ತದೆ, ಪ್ರತಿರೋಧ ಹೆಚ್ಚಿದ್ದರೆ ಸ್ವಲ್ಪ ಪಾಲು ಡಯೋಡಿನ ಮೂಲಕ ಕದ್ದು ಹೋಗಿ ಓದು ಕಡಿಮೆ ಬರುತ್ತದೆ. ಕ್ಯಾಲಿಬ್ರೇಷನ್‌ಗೆ ಲೂಪನ್ನು ಕಡಿದು ಸರಣಿಯಲ್ಲಿ ಸೇರಿಸುವುದನ್ನೇ ನಾನು ಆರಿಸಿಕೊಳ್ಳುತ್ತೇನೆ.

ಈಗ ಏನನ್ನೂ ತಿದ್ದದೆ, ಟ್ರಾನ್ಸ್‌ಮಿಟರ್ ಸಿಕ್ಕ ಸ್ಥಿತಿಯಲ್ಲೇ ಐದು ಬಿಂದುಗಳನ್ನು ಬರೆದುಕೊಳ್ಳಬೇಕು. ಪಂಪು ಒತ್ತಿದಾಗ ಒಳಗಿನ ಗಾಳಿ ಬಿಸಿಯಾಗುತ್ತದೆ, ಆರುತ್ತಿದ್ದಂತೆ ಒತ್ತಡ ಮೆಲ್ಲಗೆ ಇಳಿಯುತ್ತದೆ. ಹಾಗಾಗಿ ಒಂದು ನಿಮಿಷ ಕಾದು ಅಂಕಿ ನಿಂತ ಮೇಲೆ ಓದಬೇಕು. ಎಷ್ಟು ಕಾದರೂ ಇಳಿಯುತ್ತಲೇ ಇದ್ದರೆ ಅದು ಸೋರಿಕೆ. ಏರುವಾಗ ಪ್ರತಿ ಬಿಂದುವನ್ನೂ ಕೆಳಗಿನಿಂದಲೇ ತಲುಪಬೇಕು. ದಾಟಿಹೋಗಿ ಹಿಂದಕ್ಕೆ ಇಳಿಸಿದರೆ ಏರಿಳಿತದ ವ್ಯತ್ಯಾಸ ಓದಿನೊಳಗೆ ಬೆರೆತುಹೋಗುತ್ತದೆ. ಇಳಿಯುವಾಗಿನ ಓದುಗಳನ್ನು ಬೇರೆ ಸಾಲಿನಲ್ಲಿ ಬರೆಯಬೇಕು.

ನಮ್ಮ ಟ್ರಾನ್ಸ್‌ಮಿಟರ್ ಕೊಟ್ಟ ಓದುಗಳು ಹೀಗಿವೆ: 0 ಬಾರಿಗೆ 4.064, 2.5ಕ್ಕೆ 8.084, 5ಕ್ಕೆ 12.104, 7.5ಕ್ಕೆ 16.124, 10ಕ್ಕೆ 20.144 ಮಿಲಿಆಂಪ್. ಐದೂ ಟಾಲರೆನ್ಸಿನ ಹೊರಗಿವೆ. ಆದರೆ ತಪ್ಪಿನ ನಡಿಗೆಯನ್ನು ನೋಡಿ: ಕೆಳಗೆ 0.064 ಇದ್ದದ್ದು ಪ್ರತಿ ಹೆಜ್ಜೆಗೂ ಸರಿಯಾಗಿ 0.020ರಷ್ಟು ಬೆಳೆದು ಮೇಲೆ 0.144 ಆಗಿದೆ. ಅಂದರೆ ರೇಖೆ 0.064 ಮೇಲಕ್ಕೆ ಸರಿದಿದೆ, ಜೊತೆಗೆ ಅದರ ಇಳಿಜಾರು 16 ಮಿಲಿಆಂಪಿಗೆ 0.080ರಷ್ಟು, ಎಂದರೆ ಶೇಕಡ 0.5ರಷ್ಟು, ಹೆಚ್ಚಾಗಿದೆ. ಝೀರೋ ತಪ್ಪೂ ಇದೆ, ಸ್ಪ್ಯಾನ್ ತಪ್ಪೂ ಇದೆ. ಹೆಜ್ಜೆಗಳ ಏರಿಕೆ ಒಂದೇ ಸಮವಾಗಿರದೆ ಮಧ್ಯದಲ್ಲಿ ಉಬ್ಬಿದ್ದರೆ ರೇಖೆಯೇ ಬಾಗಿದೆ ಎಂದರ್ಥ, ಅದನ್ನು ಝೀರೋ ಮತ್ತು ಸ್ಪ್ಯಾನ್ ಟ್ರಿಮ್‌ಗಳು ಸರಿಮಾಡಲಾರವು.

ಮಿಲಿಆಂಪ್ ಹೇಳುವುದು ಇಷ್ಟು. ಉಳಿದದ್ದನ್ನು PV ಹೇಳುತ್ತದೆ. ಸೊನ್ನೆ ಒತ್ತಡದಲ್ಲಿ PV 0.040, 5 ಬಾರಿನಲ್ಲಿ 5.040, 10 ಬಾರಿನಲ್ಲಿ 10.040. ಸೆನ್ಸರಿನ ತಪ್ಪು ಎಲ್ಲ ಕಡೆ ಒಂದೇ, 0.040 ಬಾರ್. ಅದರ ಝೀರೋ ಸರಿದಿದೆ, ಸ್ಪ್ಯಾನ್ ಚೆನ್ನಾಗಿಯೇ ಇದೆ. 0.040 ಬಾರ್ ಎಂದರೆ 0.064 ಮಿಲಿಆಂಪ್, ಕೆಳತುದಿಯ ತಪ್ಪು ಪೂರ್ತಿ ಇದರದ್ದೇ. ಹಾಗಾದರೆ ಮೇಲೆ ಹೋದಂತೆ ಬೆಳೆಯುವ ಆ 0.080 ಮಿಲಿಆಂಪ್ ಸೆನ್ಸರಿನದ್ದಲ್ಲ, ಔಟ್‌ಪುಟ್ ಸರ್ಕ್ಯೂಟಿನದ್ದು.

ಮೊದಲು ಝೀರೋ. ವೆಂಟ್ ತೆರೆದು, ಒಳಗೆ ಒತ್ತಡವಿಲ್ಲ ಎಂದು ಖಚಿತಪಡಿಸಿಕೊಂಡು, ಟ್ರಾನ್ಸ್‌ಮಿಟರ್ ಕೆಲಸದಲ್ಲಿರುವ ಭಂಗಿಯಲ್ಲೇ ಸೆನ್ಸರ್ ಝೀರೋ ಟ್ರಿಮ್ ಕೊಡಬೇಕು. ಓರೆಯಾದರೆ ಒಳಗಿನ ಎಣ್ಣೆಯ ಭಾರ ಡಯಾಫ್ರಾಮಿನ ಮೇಲೆ ಬೇರೆಯಾಗಿ ಬಿದ್ದು ಝೀರೋ ತುಸು ಸರಿಯುತ್ತದೆ. ಟ್ರಿಮ್ ಆದ ಮೇಲೆ PV 0.000, ಕ್ಯಾಲಿಬ್ರೇಟರಿನಲ್ಲಿ 4.000. ಒತ್ತಡವನ್ನು 5 ಬಾರಿಗೆ ಏರಿಸಿದರೆ 12.040, 10 ಬಾರಿಗೆ ಏರಿಸಿದರೆ 20.080, PV ಮಾತ್ರ 5.000 ಮತ್ತು 10.000 ಎಂದು ನೆಟ್ಟಗೆ ನಿಂತಿದೆ. ಇಲ್ಲಿ ಸೆನ್ಸರಿನ ಮೇಲ್ತುದಿಯ ಟ್ರಿಮ್ ಮಾಡುವ ಅಗತ್ಯವೇ ಇಲ್ಲ. ಕಾರ್ಖಾನೆಯಲ್ಲಿ ಹತ್ತಾರು ಒತ್ತಡ–ತಾಪಮಾನಗಳಲ್ಲಿ ಪರೀಕ್ಷಿಸಿ ಸೆನ್ಸರಿಗೆ ತುಂಬಿದ ತಿದ್ದುಪಡಿಯನ್ನು ಬಿಸಿಲಿನಲ್ಲಿ ನಿಂತು ಕೈಪಂಪಿನಿಂದ ಉತ್ತಮಪಡಿಸುವುದು ಅಪರೂಪ.

ಆಮೇಲೆ ಔಟ್‌ಪುಟ್ ಟ್ರಿಮ್. ಇದಕ್ಕೆ ಪಂಪು ಬೇಕಿಲ್ಲ. ಕಮ್ಯುನಿಕೇಟರ್ ಮೂಲಕ ಟ್ರಾನ್ಸ್‌ಮಿಟರಿಗೆ ಮೊದಲು 4 ಮಿಲಿಆಂಪ್ ಹರಿಸಲು ಹೇಳಲಾಗುತ್ತದೆ, ಮೀಟರ್ ಎಷ್ಟು ತೋರಿಸುತ್ತಿದೆ ಎಂದು ಅದು ಕೇಳುತ್ತದೆ, ನಾವು 4.000 ಎಂದು ತುಂಬುತ್ತೇವೆ. ನಂತರ 20 ಹರಿಸುತ್ತದೆ, ಕ್ಯಾಲಿಬ್ರೇಟರ್ 20.080 ತೋರಿಸುತ್ತದೆ, ಅದನ್ನೇ ತುಂಬುತ್ತೇವೆ. ತನ್ನ ಕರೆಂಟ್ ಎಷ್ಟು ಹೆಚ್ಚು ಹೋಗುತ್ತಿತ್ತು ಎಂಬುದು ಈಗ ಅದಕ್ಕೆ ಗೊತ್ತು. ಇಳಿಜಾರನ್ನು ತಿದ್ದಿಕೊಂಡು ಮತ್ತೆ 20 ಹರಿಸಿ ಸರಿಯಾಯಿತೇ ಎಂದು ಕೇಳುತ್ತದೆ.

ಇದೇ ಟ್ರಾನ್ಸ್‌ಮಿಟರನ್ನು PV ನೋಡದೆ ತಿದ್ದಲು ಹೊರಟರೆ ಏನಾಗುತ್ತಿತ್ತು? ಝೀರೋ ಕೊಟ್ಟ ಬಳಿಕ ಮೇಲ್ತುದಿಯ ಸೆನ್ಸರ್ ಟ್ರಿಮ್ ಮಾಡುವಾಗ ಕಮ್ಯುನಿಕೇಟರ್ ಕೊಟ್ಟಿರುವ ಒತ್ತಡ ಎಷ್ಟು ಎಂದು ಕೇಳುತ್ತದೆ. ಪ್ರಾಮಾಣಿಕವಾಗಿ 10.00 ಎಂದರೆ PV ಬದಲಾಗುವುದಿಲ್ಲ, ಮಿಲಿಆಂಪ್ 20.080ರಲ್ಲೇ ನಿಲ್ಲುತ್ತದೆ. ಬೇಸತ್ತವರು 9.95 ಎಂದು ತುಂಬುತ್ತಾರೆ, ಕೂಡಲೇ ಮಿಲಿಆಂಪ್ 20.000ಕ್ಕೆ ಬಂದು ಕೂರುತ್ತದೆ. ನಿಜವಾದ 10 ಬಾರನ್ನು ಆ ಟ್ರಾನ್ಸ್‌ಮಿಟರ್ ಇನ್ನು 9.95 ಎಂದು ನಂಬಿಕೊಂಡಿರುತ್ತದೆ: ತನ್ನ ಕಿರುಪರದೆಯಲ್ಲೂ ಹಾಗೇ ತೋರಿಸುತ್ತದೆ, ಹಾರ್ಟ್ ಮೂಲಕ ಓದುವ ಕಂಪ್ಯೂಟರಿಗೂ ಹಾಗೇ ಹೇಳುತ್ತದೆ. ಮುಂದೆಂದೋ ಎಲೆಕ್ಟ್ರಾನಿಕ್ಸ್ ಬೋರ್ಡ್ ಬದಲಿಸಿದ ದಿನ ಔಟ್‌ಪುಟ್ ಸರಿಯಾಗುತ್ತದೆ, ಅವಿತಿದ್ದ ತಪ್ಪು ಹೊರಗೆ ಬರುತ್ತದೆ.

ಇನ್ನೊಂದು ಅಡ್ಡದಾರಿ ಟ್ರಾನ್ಸ್‌ಮಿಟರಿನ ಮೇಲಿರುವ ಝೀರೋ ಮತ್ತು ಸ್ಪ್ಯಾನ್ ಬಟನ್‌ಗಳು. ಅನೇಕ ಮಾದರಿಗಳಲ್ಲಿ ಅವು ಟ್ರಿಮ್ ಮಾಡುವುದಿಲ್ಲ, ಶ್ರೇಣಿಯನ್ನು ಬದಲಿಸುತ್ತವೆ. ಸೊನ್ನೆಯಲ್ಲಿ ಒತ್ತಿದರೆ LRV 0.040 ಆಗುತ್ತದೆ, 10 ಬಾರಿನಲ್ಲಿ ಒತ್ತಿದರೆ URV 10.040 ಆಗುತ್ತದೆ. ಕೆಳತುದಿಯಲ್ಲಿ 4.000 ಬರುವುದರಿಂದ ಸರಿಯಾಯಿತು ಎನಿಸುತ್ತದೆ, ಮೇಲ್ತುದಿಯ 20.080 ಮಾತ್ರ ಅಲುಗುವುದಿಲ್ಲ, ಏಕೆಂದರೆ ಔಟ್‌ಪುಟ್ ಸರ್ಕ್ಯೂಟನ್ನು ಯಾರೂ ಮುಟ್ಟಿಲ್ಲ. ದಾಖಲೆಯಲ್ಲಿ 0–10 ಎಂದಿರುವ ಸಾಧನದೊಳಗೆ ಈಗ ಬೇರೆಯೇ ಶ್ರೇಣಿ ಕುಳಿತಿದೆ.

ಹಳೆಯ ಅನಲಾಗ್ ಟ್ರಾನ್ಸ್‌ಮಿಟರಿನಲ್ಲಿ ಈ ಎರಡು ಹಂತಗಳ ಭೇದವಿಲ್ಲ. ಎರಡು ತಿರುಪುಗಳಿವೆ, ಒಂದನ್ನು ತಿರುಗಿಸಿದರೆ ಇನ್ನೊಂದು ಸ್ವಲ್ಪ ಸರಿಯುತ್ತದೆ. ಅಲ್ಲಿ ಸೊನ್ನೆಯಲ್ಲಿ ಝೀರೋ, ಪೂರ್ಣ ಒತ್ತಡದಲ್ಲಿ ಸ್ಪ್ಯಾನ್, ಮತ್ತೆ ಸೊನ್ನೆಗೆ ಬಂದು ಝೀರೋ ಎಂದು ಎರಡು ಮೂರು ಸುತ್ತು ಹೊಡೆದರೆ ಎರಡೂ ನೆಲೆಗೊಳ್ಳುತ್ತವೆ.

ಝೀರೋ ಟ್ರಿಮ್ ಸುಲಭವಾಗಿರುವುದರಿಂದಲೇ ಅಪಾಯಕಾರಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಪೂರ್ಣ ನಿರ್ವಾತವನ್ನೇ ಸೊನ್ನೆಯಾಗಿಟ್ಟು ಅಳೆಯುವ ಒಂದು ಆಬ್ಸೊಲ್ಯೂಟ್ ಒತ್ತಡದ ಟ್ರಾನ್ಸ್‌ಮಿಟರಿಗೆ ವೆಂಟ್ ತೆರೆದು ಝೀರೋ ಕೊಟ್ಟಿದ್ದೆ. ವೆಂಟ್ ತೆರೆದಾಗ ಅದು ನೋಡುವುದು ಸುಮಾರು 1 ಬಾರಿನ ವಾತಾವರಣದ ಒತ್ತಡವನ್ನು. ಅದನ್ನೇ ಸೊನ್ನೆ ಎಂದು ಕಲಿಸಿದ್ದರಿಂದ ಆಮೇಲಿನ ಪ್ರತಿ ಓದೂ ಅಷ್ಟೇ ಕಡಿಮೆ ಬಂತು. ಅಂಥ ಸಾಧನಕ್ಕೆ ನಿಜವಾದ ಸೊನ್ನೆ ಕೊಡಲು ವ್ಯಾಕ್ಯೂಮ್ ಪಂಪ್ ಬೇಕು, ಇಲ್ಲವೇ ನಿಖರವಾದ ಬ್ಯಾರೋಮೀಟರಿನ ಓದನ್ನು ತುಂಬಿ ಕೆಳತುದಿಯ ಟ್ರಿಮ್ ಮಾಡಬೇಕು.

ಗೇಜ್ ಟ್ರಾನ್ಸ್‌ಮಿಟರಿನಲ್ಲೂ ಇಂಥದೇ ಒಂದು ಸುಳಿ ಇದೆ. ಅದು ಪೈಪಿನ ಟ್ಯಾಪಿಂಗಿಗಿಂತ 3 ಮೀಟರ್ ಕೆಳಗೆ ಕುಳಿತಿದ್ದು ನಡುವಿನ ಇಂಪಲ್ಸ್ ಲೈನ್ ನೀರಿನಿಂದ ತುಂಬಿದ್ದರೆ, ಆ ನೀರಿನ ಕಂಬವೇ 0.294 ಬಾರ್ ಒತ್ತುತ್ತದೆ. ಕರೆಂಟಿನಲ್ಲಿ ಅದು 0.47 ಮಿಲಿಆಂಪ್. ಪೈಪಿನಲ್ಲಿ ಒತ್ತಡವಿಲ್ಲದಾಗಲೂ 4.47 ಬರುವುದನ್ನು ಕಂಡು ಝೀರೋ ಟ್ರಿಮ್ ಮಾಡಿದರೆ ಸರಿಯಾಗಿದ್ದ ಸೆನ್ಸರನ್ನು ಕೆಡಿಸಿದಂತೆ. ಮುಂದಿನ ಸಲ ಯಾರಾದರೂ ವೆಂಟ್ ತೆರೆದು ಪರೀಕ್ಷಿಸಿದಾಗ ಅದು ಸೊನ್ನೆಗಿಂತ ಕೆಳಗೆ ತೋರಿಸುತ್ತದೆ. ನೀರಿನ ಕಂಬದ ಪರಿಹಾರ ಟ್ರಿಮ್ಮಿನಲ್ಲಿಲ್ಲ, ಶ್ರೇಣಿಯಲ್ಲಿದೆ: LRV 0.294, URV 10.294 ಎಂದು ಇಟ್ಟು ದಾಖಲೆಯಲ್ಲೂ ಹಾಗೆಯೇ ಬರೆಯಬೇಕು.

ಟ್ರಿಮ್ ಮಾಡಲೇಬಾರದ ಇನ್ನೊಂದು ಸ್ಥಿತಿಯನ್ನೂ ಹೇಳಬೇಕು. ಮೇಜಿನ ಮೇಲೆ ಐದೂ ಬಿಂದು ಸರಿ ಬಂದ ಟ್ರಾನ್ಸ್‌ಮಿಟರ್ ಲೂಪಿಗೆ ಹೋದ ಮೇಲೆ ಮೇಲ್ತುದಿಯಲ್ಲಿ 18.5 ಮಿಲಿಆಂಪಿನ ಆಸುಪಾಸು ಸಿಕ್ಕಿಹಾಕಿಕೊಳ್ಳುತ್ತದೆ, ಅಥವಾ ಅಲ್ಲಿಗೆ ಬಂದಾಗಲೆಲ್ಲ ರೀಸೆಟ್ ಆಗುತ್ತದೆ. ನೋಡಲು ಸ್ಪ್ಯಾನ್ ತಪ್ಪಿನಂತೆ ಕಾಣುವ ಇದು ವೋಲ್ಟೇಜಿನ ಕೊರತೆ. ಟ್ರಾನ್ಸ್‌ಮಿಟರಿಗೆ ಕನಿಷ್ಠ 12 ವೋಲ್ಟ್ ಬೇಕು ಎಂದಿಟ್ಟುಕೊಂಡರೆ 24ರಲ್ಲಿ ಉಳಿಯುವುದು 12. ಲೂಪಿನಲ್ಲಿ ರಿಸಿಸ್ಟರ್, ಬ್ಯಾರಿಯರ್, ಕೇಬಲ್ ಎಲ್ಲ ಸೇರಿ 650 ಓಮ್ ಇದ್ದರೆ 12 ವೋಲ್ಟ್ ತಳ್ಳಬಲ್ಲದ್ದು 18.46 ಮಿಲಿಆಂಪ್ ಮಾತ್ರ. 20ಕ್ಕೆ ಒಟ್ಟು 600 ಓಮ್ ಮೀರುವಂತಿಲ್ಲ. ಗುರುತಿಸುವುದು ಸುಲಭ: ತಪ್ಪು ಇಳಿಜಾರಿನಂತೆ ಮೆಲ್ಲಗೆ ಬೆಳೆಯುವುದಿಲ್ಲ, 18ರವರೆಗೆ ಎಲ್ಲ ಸರಿಯಿದ್ದು ಆಮೇಲೆ ಗೋಡೆಗೆ ಬಡಿದಂತೆ ನಿಲ್ಲುತ್ತದೆ. ಆ ಹೊತ್ತಿನಲ್ಲಿ ಟ್ರಾನ್ಸ್‌ಮಿಟರಿನ ಟರ್ಮಿನಲ್‌ಗಳ ನಡುವಿನ ವೋಲ್ಟೇಜ್ ಅಳೆದರೆ ಅದು ಕನಿಷ್ಠ ಮಟ್ಟಕ್ಕೆ ಕುಸಿದಿರುವುದು ಕಾಣುತ್ತದೆ.

ನಮ್ಮ ಟ್ರಾನ್ಸ್‌ಮಿಟರಿಗೆ ಮರಳೋಣ. ಎರಡೂ ಟ್ರಿಮ್ ಮುಗಿದ ಮೇಲೆ ಐದು ಬಿಂದುಗಳನ್ನು ಏರುತ್ತ, ಇಳಿಯುತ್ತ ಮತ್ತೆ ಓದಿ, ತಿದ್ದುವ ಮೊದಲಿನ ಅಂಕಿಗಳ ಪಕ್ಕದಲ್ಲೇ ಬರೆಯಬೇಕು. ಮೊದಲಿನವನ್ನು ಅಳಿಸಿದರೆ ಸಾಧನ ವರ್ಷಕ್ಕೆ ಎಷ್ಟು ಸರಿಯುತ್ತಿದೆ ಎಂಬುದು ಎಂದಿಗೂ ಗೊತ್ತಾಗದು. ಕೊನೆಗೆ ಕ್ಯಾಲಿಬ್ರೇಟರನ್ನು ಸಿಮ್ಯುಲೇಟ್ ಸ್ಥಿತಿಗೆ ತಂದು, ಟ್ರಾನ್ಸ್‌ಮಿಟರಿನ ಜಾಗದಲ್ಲಿ ಅದನ್ನು ಜೋಡಿಸಿ 4, 12, 20 ಹರಿಸಿ, ಕಂಟ್ರೋಲ್ ರೂಮಿನವರು 0, 5, 10 ಬಾರ್ ಕಾಣುತ್ತಿದ್ದಾರೆಯೇ ಎಂದು ಕೇಳಬೇಕು. 12.000 ಹರಿಸಿದಾಗ ಅವರು 5.03 ಎಂದರೆ ಉಳಿದ ತಪ್ಪು ಇನ್‌ಪುಟ್ ಕಾರ್ಡಿನದ್ದು ಅಥವಾ ಅದರ 250 ಓಮ್ ರಿಸಿಸ್ಟರಿನದ್ದು. ಅದಕ್ಕಾಗಿ ಟ್ರಾನ್ಸ್‌ಮಿಟರನ್ನು ಮತ್ತೆ ಮುಟ್ಟಬಾರದು. ಅವರು 5.00 ಎಂದರೆ ತಂತಿಗಳನ್ನು ಮೊದಲಿನಂತೆ ಜೋಡಿಸಿ, ಟ್ರಾನ್ಸ್‌ಮಿಟರ್ ಸ್ಥಿರ ಕರೆಂಟಿನ ಸ್ಥಿತಿಯಿಂದ ಹೊರಬಂದಿದೆಯೇ ಎಂದು ಕಮ್ಯುನಿಕೇಟರಿನಲ್ಲಿ ನೋಡಿ, ವೆಂಟ್ ಮುಚ್ಚಿ, ಐಸೊಲೇಷನ್ ವಾಲ್ವನ್ನು ನಿಧಾನವಾಗಿ ತೆರೆಯಬೇಕು. ಪರದೆಯ ಅಂಕಿ ಪೈಪಿನ ಒತ್ತಡಕ್ಕೆ ಏರಿ ನಿಂತಿತು ಎಂದು ಕಂಟ್ರೋಲ್ ರೂಮ್ ಹೇಳಿದ ಮೇಲಷ್ಟೇ ಬೈಪಾಸ್ ತೆಗೆಸಬೇಕು.